ಏಜೆನ್ಸಿಗಳಿಗೆ ವೈಟ್ ಲೇಬಲ್ ಕೆಲಸ: ಕೇಳುವುದು ಹೇಗೆ, ದರ ಕಟ್ಟುವುದು ಹೇಗೆ, ಸಂಬಂಧ ಕೆಡದಂತೆ ನೋಡಿಕೊಳ್ಳುವುದು ಹೇಗೆ

"ಮೊದಲ ಕೆಲಸ ಚೆನ್ನಾಗಿಯೇ ಮಾಡಿಕೊಟ್ಟೆವು ಸರ್, ಆಮೇಲೆ ಆ ಏಜೆನ್ಸಿಯವರು ಫೋನೇ ಮಾಡಲಿಲ್ಲ." ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಸಣ್ಣ ವೆಬ್ ತಂಡದವರಿಂದ ನಾನು ಹೆಚ್ಚು ಕೇಳುವ ಮಾತು ಇದು. ಎರಡನೆಯದು, "ಕೆಲಸ ಬರ್ತಾನೇ ಇದೆ, ಆದರೆ ಕೈಯಲ್ಲಿ ಏನೂ ಉಳೀತಿಲ್ಲ." ವಿಚಾರಿಸಿ ನೋಡಿದರೆ ಎರಡರಲ್ಲೂ ತಪ್ಪು ಕೋಡ್‌ನಲ್ಲಿ ಇರುವುದಿಲ್ಲ. ಕೆಲಸ ಕೇಳಿದ ರೀತಿಯಲ್ಲೋ, ದರ ಕಟ್ಟಿದ ರೀತಿಯಲ್ಲೋ, ಬರೆದಿಟ್ಟುಕೊಳ್ಳದ ಕಾಗದದಲ್ಲೋ ಇರುತ್ತದೆ.

ವೈಟ್ ಲೇಬಲ್ ಅಂದರೆ ಕೆಲಸ ನಿಮ್ಮದು, ಹೆಸರು ಏಜೆನ್ಸಿಯದು. ಈ ಬರಹದಲ್ಲಿ ನಾನು ಒಂದೇ ಬಗೆಯ ಕೆಲಸ ಹಿಡಿದುಕೊಂಡಿದ್ದೇನೆ: ಬೆಂಗಳೂರಿನ ಒಂದು ಬ್ರ್ಯಾಂಡಿಂಗ್ ಏಜೆನ್ಸಿ ಫಿಗ್ಮಾದಲ್ಲಿ ವಿನ್ಯಾಸ ಮಾಡುತ್ತದೆ, ಮೂರು ಜನರ ನಿಮ್ಮ ತಂಡ ಅದನ್ನು ವರ್ಡ್‌ಪ್ರೆಸ್ ವೆಬ್‌ಸೈಟ್ ಮಾಡಿಕೊಡುತ್ತದೆ. ನಮ್ಮ ತಂಡ ಹಲವು ವರ್ಷದಿಂದ ಮಾಡುತ್ತಿರುವುದು ಇದನ್ನೇ. ಹಂತಗಳ ಕ್ರಮ ಮುಖ್ಯ. ದರ ಕಟ್ಟುವ ಮೊದಲೇ ಏಜೆನ್ಸಿಗೆ ಬರೆಯಬೇಡಿ. ಕಾಗದ ಆಗುವ ಮೊದಲೇ ಕೆಲಸ ಶುರು ಮಾಡಬೇಡಿ.

## ಹಂತ 1: ಗಂಟೆಗೆ ನಿಮಗೆ ಬೀಳುವ ಖರ್ಚು ಎಷ್ಟು ಅಂತ ಲೆಕ್ಕ ಹಾಕಿ

ಬೇಕಾದ ಸಾಮಾನು: ಒಂದು ಎಕ್ಸೆಲ್ ಹಾಳೆ, ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಅಂತ ಬರೆದಿಟ್ಟ ಲೆಕ್ಕ. ಮೂರನೆಯದು ಇಲ್ಲದಿದ್ದರೆ ಮುಂದಿನ ತಿಂಗಳು ಪೂರ್ತಿ ಬರೆದಿಡಿ. ಇದಕ್ಕೆ ಅಡ್ಡದಾರಿ ಇಲ್ಲ.

ಒಂದು ಉದಾಹರಣೆ ನೋಡೋಣ. ಇಬ್ಬರು ಡೆವಲಪರ್, ಒಬ್ಬ ಮಾಲೀಕ. ಸಂಬಳ, ಮಾಲೀಕನ ಮನೆಖರ್ಚಿನ ದುಡ್ಡು, ಬಾಡಿಗೆ, ಕರೆಂಟು, ಇಂಟರ್ನೆಟ್ಟು, ಸಾಫ್ಟ್‌ವೇರ್, ಆಡಿಟರ್ ಫೀ ಎಲ್ಲ ಸೇರಿ ತಿಂಗಳಿಗೆ 2,00,000 ರೂಪಾಯಿ ಅಂತಿಟ್ಟುಕೊಳ್ಳಿ. ಡೆವಲಪರ್ ಆಫೀಸಿನಲ್ಲಿ ಕೂರುವುದು ತಿಂಗಳಿಗೆ ಸುಮಾರು 176 ಗಂಟೆ. ಅಷ್ಟಕ್ಕೂ ಬಿಲ್ ಹಾಕಲು ಆಗುವುದಿಲ್ಲ. ರಜೆ, ಕಲಿಕೆ, ತಮ್ಮದೇ ತಪ್ಪು ತಿದ್ದುವುದು, ಕೆಲಸ ಬರಲಿ ಅಂತ ಕಾಯುವುದು ಎಲ್ಲ ಕಳೆದರೆ 110 ಗಂಟೆ ಸಿಕ್ಕರೆ ಒಳ್ಳೆಯದು. ಇಬ್ಬರದು 220, ಮಾಲೀಕನದು 40. ಒಟ್ಟು 260 ಗಂಟೆ.

2,00,000 ಭಾಗಿಸು 260, ಅಂದರೆ ಗಂಟೆಗೆ 769 ರೂಪಾಯಿ. ಇದು ಬರೀ ಖರ್ಚು. ಕೆಲಸ ಇಲ್ಲದ ತಿಂಗಳಿಗೆ, ಅಂದಾಜು ತಪ್ಪಿದ್ದಕ್ಕೆ, ಲಾಭಕ್ಕೆ ಅಂತ ಇದರ ಮೇಲೆ 30 ಶೇಕಡಾ ಹಾಕಿದರೆ 1,000 ರೂಪಾಯಿ ಆಗುತ್ತದೆ. ಈ ತಂಡದ ದರ ಅದೇ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. 176 ಗಂಟೆಯನ್ನೇ ಹಿಡಿದು ಭಾಗಿಸುತ್ತಾರೆ. ಮಾಲೀಕನ ದುಡ್ಡನ್ನು ಖರ್ಚಿನಲ್ಲಿ ಸೇರಿಸುವುದೇ ಇಲ್ಲ. ಆಗ 400, 450 ಅಂತ ಬರುತ್ತದೆ. ಕೆಲಸ ತುಂಬಿ ತುಳುಕುತ್ತಿದ್ದರೂ ಮಾಲೀಕ ಮನೆಗೆ ಬರಿಗೈಯಲ್ಲಿ ಹೋಗುವುದು ಇದರಿಂದಲೇ.

## ಹಂತ 2: ಸರಿಯಾದ ಏಜೆನ್ಸಿ ಹುಡುಕಿ

ಐವತ್ತು ಏಜೆನ್ಸಿಗೆ ಒಂದೇ ಮೇಲ್ ಕಳಿಸುವುದರ ಬದಲು ಹತ್ತು ಏಜೆನ್ಸಿಯನ್ನು ಚೆನ್ನಾಗಿ ನೋಡಿ ಬರೆಯಿರಿ. ಬೇಕಾದದ್ದು ಎಂಥವರು? ವಿನ್ಯಾಸ ಬಲವಾಗಿರಬೇಕು, ಡೆವಲಪರ್ ಇರಬಾರದು ಅಥವಾ ಒಬ್ಬರೇ ಇರಬೇಕು. ಅವರ ಸೈಟಿನ ತಂಡದ ಪುಟದಲ್ಲಿ ಡಿಸೈನರ್, ಕಾಪಿರೈಟರ್, ಅಕೌಂಟ್ ಮ್ಯಾನೇಜರ್ ಇದ್ದು ಡೆವಲಪರ್ ಕಾಣದಿದ್ದರೆ ಅದೊಂದು ಸುಳಿವು. ಪೋರ್ಟ್‌ಫೋಲಿಯೊದಲ್ಲಿ ಲೋಗೊ, ಪ್ಯಾಕೇಜಿಂಗ್ ಚೆನ್ನಾಗಿದ್ದು, ಮಾಡಿದ ವೆಬ್‌ಸೈಟ್ ಮೊಬೈಲಿನಲ್ಲಿ ಒಡೆದು ಕಂಡರೆ ಅದು ಇನ್ನೂ ದೊಡ್ಡ ಸುಳಿವು. ಎರಡು ತಿಂಗಳಿಂದ ವರ್ಡ್‌ಪ್ರೆಸ್ ಡೆವಲಪರ್ ಬೇಕು ಅಂತ ಲಿಂಕ್ಡ್‌ಇನ್‌ನಲ್ಲಿ ಹಾಕುತ್ತಲೇ ಇದ್ದರೆ ಅವರಿಗೆ ನಿಮ್ಮ ಅಗತ್ಯ ಈಗಲೇ ಇದೆ.

ಹತ್ತಿಪ್ಪತ್ತು ಡೆವಲಪರ್ ಇರುವ ಏಜೆನ್ಸಿಯನ್ನು ಬಿಡಿ. ಕೈಮೀರಿದಾಗ ಮಾತ್ರ ಕರೆಯುತ್ತಾರೆ, ಆಗ ಬರುವುದು ಅವರ ಹುಡುಗರು ಅರ್ಧಕ್ಕೆ ಬಿಟ್ಟ ಕೆಲಸ.

## ಹಂತ 3: ಕೆಲಸ ಕೇಳುವ ಮೇಲ್

ಏಜೆನ್ಸಿ ಮಾಲೀಕರು ಹೊರಗಿನವರಿಗೆ ಕೆಲಸ ಕೊಡಲು ಹೆದರುವುದು ದರಕ್ಕಲ್ಲ. ಅವರಿಗೆ ಮೂರು ಭಯ ಇರುತ್ತದೆ. ನಮ್ಮ ಕ್ಲೈಂಟನ್ನೇ ಎಳೆದುಕೊಂಡು ಹೋದರೆ? ಡಿಸೈನರ್ ಮಾಡಿದ್ದು ಒಂದು, ಇವರು ಕಟ್ಟಿದ್ದು ಇನ್ನೊಂದು ಆದರೆ? ಲಾಂಚ್ ದಿನ ಫೋನ್ ಎತ್ತದಿದ್ದರೆ? ನಿಮ್ಮ ಮೇಲ್ ಈ ಮೂರಕ್ಕೂ ಉತ್ತರ ಕೊಡಬೇಕು. "ನಮ್ಮದು ಅನುಭವಿ ತಂಡ, ಕಡಿಮೆ ದರ" ಅಂತ ಬರೆದರೆ ಒಂದಕ್ಕೂ ಉತ್ತರ ಸಿಗುವುದಿಲ್ಲ.

ನಾವು ಕಳಿಸುವುದು ಹೆಚ್ಚು ಕಡಿಮೆ ಹೀಗಿರುತ್ತದೆ:

> ನಮಸ್ಕಾರ ಮೇಡಂ. ನೀವು ಮಾಡಿದ ಕಾಫಿ ಬ್ರ್ಯಾಂಡಿನ ಸೈಟ್ ನೋಡಿದೆ. ವಿನ್ಯಾಸ ತುಂಬ ಚೆನ್ನಾಗಿದೆ. ಮೊಬೈಲಿನಲ್ಲಿ ಮೆನು ತೆರೆದಾಗ ಹಿಂದಿನ ಪುಟವೂ ಸರಿಯುತ್ತಿದೆ, ಸ್ಕ್ರೀನ್‌ಶಾಟ್ ಜೊತೆಗಿದೆ. ತಿದ್ದುವ ದಾರಿಯನ್ನೂ ಕೆಳಗೆ ಬರೆದಿದ್ದೇನೆ, ಯಾರಿಂದ ಬೇಕಾದರೂ ಮಾಡಿಸಬಹುದು.
>
> ನಾವು ಮೈಸೂರಿನಲ್ಲಿ ಮೂರು ಜನ. ಫಿಗ್ಮಾ ವಿನ್ಯಾಸವನ್ನು ವರ್ಡ್‌ಪ್ರೆಸ್ ಸೈಟ್ ಮಾಡಿಕೊಡುತ್ತೇವೆ, ನಿಮ್ಮ ಹೆಸರಿನಲ್ಲೇ. ನಿಮ್ಮ ಕ್ಲೈಂಟ್ ಜೊತೆ ನೇರ ವ್ಯವಹಾರ ಮಾಡುವುದಿಲ್ಲ ಅಂತ ಮೊದಲೇ ಸಹಿ ಮಾಡಿಕೊಡುತ್ತೇವೆ. ನಮ್ಮ ಕೆಲಸದ ಮಾದರಿಯ ಲಿಂಕ್ ಇಲ್ಲಿದೆ, ವಿನ್ಯಾಸ ಮತ್ತು ಸೈಟ್ ಪಕ್ಕಪಕ್ಕ ಇಟ್ಟು ನೋಡಬಹುದು. 8 ರಿಂದ 10 ಗಂಟೆಯ ಒಂದು ಸಣ್ಣ ಕೆಲಸ ಕೊಟ್ಟು ನೋಡುವಿರಾ?

ಮಾದರಿ ವಿಷಯಕ್ಕೆ ಒಂದು ಮಾತು. ಹಿಂದೆ ಬೇರೆ ಏಜೆನ್ಸಿಗೆ ವೈಟ್ ಲೇಬಲ್‌ನಲ್ಲಿ ಮಾಡಿದ ಸೈಟನ್ನು ಯಾವತ್ತೂ ತೋರಿಸಬೇಡಿ. ತೋರಿಸಿದ ಕೂಡಲೇ ಮೇಡಂಗೆ ಅರ್ಥವಾಗುತ್ತದೆ, ನಾಳೆ ನಮ್ಮದನ್ನೂ ಹೀಗೇ ತೋರಿಸುತ್ತಾರೆ ಅಂತ. ಬದಲಿಗೆ ಫಿಗ್ಮಾ ಕಮ್ಯುನಿಟಿಯಲ್ಲಿ ಬಳಸಲು ಅನುಮತಿ ಇರುವ ಒಂದು ವಿನ್ಯಾಸ ತೆಗೆದುಕೊಂಡು ಪೂರ್ತಿ ಕಟ್ಟಿ, ನಿಮ್ಮದೇ ಡೊಮೇನ್‌ನಲ್ಲಿ ಇಡಿ, ಮೂಲ ವಿನ್ಯಾಸಕಾರರ ಹೆಸರನ್ನೂ ಹಾಕಿ. ಒಂದು ವಾರದ ಕೆಲಸ. ಡಿಸೈನರ್‌ಗಳು ನೋಡುವುದು ಅದನ್ನೇ: ಅಂತರ ಸರಿಯಾಗಿದೆಯಾ, ಅಕ್ಷರದ ಗಾತ್ರ ಸರಿಯಾಗಿದೆಯಾ, ಮೊಬೈಲಿನಲ್ಲಿ ಎಲ್ಲಿ ಮುರಿಯುತ್ತದೆ.

ಆ ಸಣ್ಣ ಪ್ರಯೋಗದ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಿ. ಪುಕ್ಕಟೆ ಮಾಡಿಕೊಟ್ಟರೆ ಅವರ ಅಕೌಂಟ್ಸ್ ವಿಭಾಗ ಹೇಗೆ ದುಡ್ಡು ಕೊಡುತ್ತದೆ ಅನ್ನುವುದೇ ನಿಮಗೆ ಗೊತ್ತಾಗುವುದಿಲ್ಲ. 10,000 ರೂಪಾಯಿ ಬಿಲ್ಲಿಗೆ ನಾಲ್ಕು ಸಲ ಫೋನ್ ಮಾಡಿಸಿಕೊಳ್ಳುವವರು 70,000ಕ್ಕೆ ಏನು ಮಾಡುತ್ತಾರೆ ಅಂತ ಯೋಚಿಸಿ.

ಹುಷಾರಾಗಬೇಕಾದ ಸೂಚನೆ: "ಈ ಒಂದು ಕಡಿಮೆಗೆ ಮಾಡಿಕೊಡಿ, ಮುಂದೆ ತಿಂಗಳಿಗೆ ಹತ್ತು ಸೈಟ್ ಕೊಡ್ತೀವಿ." ಇದನ್ನು ಕೇಳಿದರೆ ಒಂದೇ ಉತ್ತರ ಕೊಡಿ: ಹತ್ತನೆಯ ಸೈಟ್ ಬಂದಾಗ ಹಿಂದಿನ ಒಂಬತ್ತಕ್ಕೂ ಸೇರಿ ರಿಯಾಯಿತಿ ಕೊಡುತ್ತೇವೆ.

## ಹಂತ 4: ಕೆಲಸಕ್ಕೆ ಬೆಲೆ ಕಟ್ಟಿ

ಹೆಚ್ಚಿನವರು ಎಡವುವ ಜಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಏಜೆನ್ಸಿಗೆ ನೀವು ಕಡಿಮೆ ಬೆಲೆಗೇ ಕೊಡಬೇಕು, ಅದರಲ್ಲಿ ಅನುಮಾನ ಇಲ್ಲ. ಅವರು ತಮ್ಮ ಪಾಲು ಇಟ್ಟುಕೊಂಡು ಮಾರಬೇಕಲ್ವಾ? ಆದರೆ ಎಲ್ಲಿ ಕಡಿಮೆ ಮಾಡುವುದು? ಜನ ಗಂಟೆಯ ದರ ಇಳಿಸುತ್ತಾರೆ. ಇಳಿಸಬೇಕಾದದ್ದು ಗಂಟೆಗಳನ್ನು. ನೇರ ಕ್ಲೈಂಟ್‌ಗೆ ಮಾಡುವಾಗ ಇದ್ದ ಎಷ್ಟೋ ಕೆಲಸ ಇಲ್ಲಿ ನಿಮ್ಮ ತಲೆಯ ಮೇಲೆ ಇರುವುದಿಲ್ಲ. ಅದನ್ನು ಲೆಕ್ಕದಿಂದ ತೆಗೆಯಿರಿ, ಬೆಲೆ ತಾನಾಗಿ ಇಳಿಯುತ್ತದೆ.

ಎಂಟು ಪುಟದ ಒಂದು ಸೈಟ್ ತೆಗೆದುಕೊಳ್ಳೋಣ. ಐದು ಬೇರೆ ಬೇರೆ ವಿನ್ಯಾಸ, ಉಳಿದ ಮೂರು ಪುಟ ಅವುಗಳ ಮೇಲೇ ನಿಂತಿವೆ.

- ಹೋಸ್ಟಿಂಗ್, ವರ್ಡ್‌ಪ್ರೆಸ್, ಥೀಮ್ ಸಿದ್ಧತೆ: 4 ಗಂಟೆ
- ಮುಖಪುಟ 12, ಉಳಿದ ನಾಲ್ಕು ವಿನ್ಯಾಸ ತಲಾ 5: ಒಟ್ಟು 32
- ಬಾಕಿ ಮೂರು ಪುಟ: 6
- ಫಾರ್ಮ್, ಮ್ಯಾಪ್, ವಾಟ್ಸಾಪ್ ಬಟನ್, ಅನಲಿಟಿಕ್ಸ್: 6
- ಮೊಬೈಲ್ ಮತ್ತು ಬ್ರೌಸರ್ ಪರೀಕ್ಷೆ: 10
- ಎರಡು ಸುತ್ತು ತಿದ್ದುಪಡಿ: 6
- ಲಾಂಚ್ ಮತ್ತು ಹಸ್ತಾಂತರ: 6

ಒಟ್ಟು 70 ಗಂಟೆ, 70,000 ರೂಪಾಯಿ. ಇದೇ ಸೈಟನ್ನು ನೇರವಾಗಿ ಮಾಡಿದ್ದರೆ ಕೊಟೇಶನ್ ಮತ್ತು ಮೀಟಿಂಗಿಗೆ 6 ಗಂಟೆ, ಕ್ಲೈಂಟ್ ಹತ್ತಿರ ಫೋಟೊ, ಬರಹ ವಸೂಲಿ ಮಾಡಲು 10, ಮನಸ್ಸು ಬದಲಾದಾಗಿನ ತಿದ್ದುಪಡಿಗೆ 6, ಕಲಿಸಿಕೊಡಲು 4 ಆಗುತ್ತಿತ್ತು. ಇನ್ನೂ 26 ಗಂಟೆ. ಅಂದರೆ 96,000. ಈಗ ನೋಡಿ, ನಿಮ್ಮ ದರ 1,000 ಹಾಗೇ ಇದೆ, ಏಜೆನ್ಸಿಗೆ 27 ಶೇಕಡಾ ಕಡಿಮೆಗೆ ಸಿಕ್ಕಿದೆ.

ಇದರ ಇನ್ನೊಂದು ಉಪಯೋಗ ಆಮೇಲೆ ಗೊತ್ತಾಗುತ್ತದೆ. ಕಡಿಮೆ ಮಾಡಿದ 26 ಗಂಟೆಯ ಕೆಲಸ ಏಜೆನ್ಸಿಯದು ಅಂತ ಕೊಟೇಶನ್‌ನಲ್ಲೇ ಬರೆದಿರುತ್ತೀರಿ. ಮೂರು ವಾರ ಆದಮೇಲೆ "ಕ್ಲೈಂಟ್ ಫೋಟೊ ಕಳಿಸಿಲ್ಲ, ನೀವೇ ಒಂದ್ಸಲ ಫೋನ್ ಮಾಡಿ" ಅಂತ ಬಂದರೆ, "ಖಂಡಿತ ಮೇಡಂ, ಆ ಕೆಲಸ ನಮ್ಮ ಲೆಕ್ಕಕ್ಕೆ ತೆಗೆದುಕೊಂಡರೆ 10 ಗಂಟೆ ಸೇರುತ್ತದೆ" ಅಂತ ಮುಜುಗರ ಇಲ್ಲದೆ ಹೇಳಬಹುದು.

ಏಜೆನ್ಸಿ "ಕ್ಲೈಂಟ್ ಬಜೆಟ್ ಅಷ್ಟಿಲ್ಲ, 50,000ದ ಆಸುಪಾಸಿನಲ್ಲಿ ಮಾಡಿ" ಅಂದರೂ ಇದೇ ದಾರಿ. ಎರಡು ವಿನ್ಯಾಸ ಕೈಬಿಟ್ಟರೆ 10 ಗಂಟೆ ಹೋಗುತ್ತದೆ. ಒಂದು ಸುತ್ತು ತಿದ್ದುಪಡಿ ಕಡಿಮೆ ಮಾಡಿದರೆ 3. ಲಾಂಚ್ ಅವರೇ ಮಾಡಿಕೊಂಡರೆ 6. ಉಳಿದದ್ದು 51 ಗಂಟೆ. ಯಾವುದನ್ನು ಬಿಡುವುದು ಅಂತ ಅವರೇ ಆರಿಸಲಿ. ಏನನ್ನೂ ಬಿಡದೆ ಬೆಲೆ ಮಾತ್ರ ಇಳಿಸಿದರೆ, ಮೊದಲು ಹೇಳಿದ 70,000 ಸುಳ್ಳಾಗಿತ್ತು ಅಂತ ನೀವೇ ಒಪ್ಪಿಕೊಂಡಂತೆ.

ಅವರು ಕ್ಲೈಂಟ್‌ಗೆ ಎಷ್ಟಕ್ಕೆ ಮಾರುತ್ತಾರೆ ಅಂತ ಕೇಳಬೇಡಿ, ಆಕಸ್ಮಿಕವಾಗಿ ಗೊತ್ತಾದರೂ ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ 70,000 ಕೊಟ್ಟು ಅವರು ಒಂದೂವರೆ ಲಕ್ಷಕ್ಕೆ ಮಾರಿರಬಹುದು. ಕ್ಲೈಂಟ್ ಹುಡುಕಿದ್ದು, ವಿನ್ಯಾಸ ಮಾಡಿದ್ದು, ದುಡ್ಡು ಬರದಿದ್ದರೆ ಹೊರುವುದು ಎಲ್ಲ ಅವರೇ.

ತೆರಿಗೆಯ ಲೆಕ್ಕವನ್ನೂ ಮೊದಲೇ ತಿಳಿದುಕೊಳ್ಳಿ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ 70,000ದ ಮೇಲೆ 18 ಶೇಕಡಾ, ಅಂದರೆ 12,600 ಸೇರಿ ಬಿಲ್ 82,600 ಆಗುತ್ತದೆ. ಏಜೆನ್ಸಿ ಟಿಡಿಎಸ್ ಹಿಡಿಯುವುದು ಜಿಎಸ್‌ಟಿ ಬಿಟ್ಟು ಉಳಿದ 70,000ದ ಮೇಲೆ. ತಾಂತ್ರಿಕ ಸೇವೆ ಅಂತ 2 ಶೇಕಡಾ ಹಿಡಿದರೆ 1,400. ವೃತ್ತಿಪರ ಸೇವೆ ಅಂತ 10 ಹಿಡಿದರೆ 7,000. ರಿಟರ್ನ್ ಹಾಕಿದಾಗ ಅದು ಲೆಕ್ಕಕ್ಕೆ ಬರುತ್ತದೆ ನಿಜ, ಅಲ್ಲಿಯವರೆಗೆ ಕೈಯಲ್ಲಿ ಇರುವುದಿಲ್ಲ. ಯಾವುದನ್ನು ಹಿಡಿಯುತ್ತೀರಿ ಅಂತ ಮೊದಲ ಬಿಲ್ಲಿಗೆ ಮುಂಚೆಯೇ ಅವರ ಅಕೌಂಟೆಂಟ್ ಹತ್ತಿರ ಕೇಳಿಕೊಳ್ಳಿ.

ಏಜೆನ್ಸಿ ದುಬೈ, ಲಂಡನ್‌ನಲ್ಲಿದ್ದು ದುಡ್ಡು ವಿದೇಶಿ ಕರೆನ್ಸಿಯಲ್ಲಿ ಬರುವುದಾದರೆ ಅದು ಸೇವೆಯ ರಫ್ತು. ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಸಲ್ಲಿಸಿದ್ದರೆ ಜಿಎಸ್‌ಟಿ ಕಟ್ಟದೆ ಬಿಲ್ ಹಾಕಬಹುದು. ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು, ಏಪ್ರಿಲ್‌ನಲ್ಲಿ ಮರೆಯಬೇಡಿ.

## ಹಂತ 5: ಕಾಗದ ಮಾಡಿಕೊಳ್ಳಿ

ಮೂರು ಪುಟದ ಒಪ್ಪಂದ ಸಾಕು. ಒಮ್ಮೆ ವಕೀಲರಿಗೆ ತೋರಿಸಿ ಮಾಡಿಟ್ಟುಕೊಂಡರೆ ಎಲ್ಲ ಏಜೆನ್ಸಿಗೂ ಅದೇ ನಡೆಯುತ್ತದೆ. ಅದರಲ್ಲಿ ನಾಲ್ಕು ವಿಷಯ ಗಟ್ಟಿಯಾಗಿರಬೇಕು.

ದುಡ್ಡು ಯಾವಾಗ. ನಾವು ಮಾಡುವುದು 40, 40, 20. ಶುರುವಿಗೆ 40 ಶೇಕಡಾ. ಸ್ಟೇಜಿಂಗ್‌ನಲ್ಲಿ ಸೈಟ್ ತೋರಿಸಿದಾಗ 40. ಕೊನೆಯ 20 ಲಾಂಚ್ ದಿನ ಅಥವಾ ಸ್ಟೇಜಿಂಗ್ ತೋರಿಸಿ 15 ದಿನಕ್ಕೆ, ಯಾವುದು ಮೊದಲೋ ಅದು. ಆ "ಯಾವುದು ಮೊದಲೋ" ಅನ್ನುವ ಮಾತೇ ನಿಮ್ಮನ್ನು ಕಾಯುವುದು. ಅಂತಿಮ ಕ್ಲೈಂಟ್ ಮನೆಯಲ್ಲಿ ಮದುವೆ ಬಂದು ಲಾಂಚ್ ಮೂರು ತಿಂಗಳು ಮುಂದೆ ಹೋದರೆ ನಿಮ್ಮ 14,000 ಅಲ್ಲೇ ಸಿಕ್ಕಿಕೊಳ್ಳಬಾರದು. "ಕ್ಲೈಂಟ್ ನಮಗೆ ಕೊಟ್ಟಮೇಲೆ ನಿಮಗೆ ಕೊಡುತ್ತೇವೆ" ಅನ್ನುವ ಸಾಲು ಇದ್ದರೆ ಹೊಡೆದುಹಾಕಲು ಹೇಳಿ. ಆಗುವುದಿಲ್ಲ ಅಂದರೆ ಆ ಏಜೆನ್ಸಿಯನ್ನೇ ಬಿಡಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಹಕ್ಕು ಯಾರದು. ಇದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹೊರಗಿನ ಗುತ್ತಿಗೆದಾರ ಬರೆದ ಕೋಡ್ ಸಾಮಾನ್ಯವಾಗಿ ಅವನದೇ. ದುಡ್ಡು ಕೊಟ್ಟ ಮಾತ್ರಕ್ಕೆ ಏಜೆನ್ಸಿಯದಾಗುವುದಿಲ್ಲ, ಬರೆದು ಸಹಿ ಮಾಡಿ ವರ್ಗಾಯಿಸಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ 19ನೇ ಕಲಂ ಲೆಕ್ಕ ಹಾಕುತ್ತದೆ. ಹಾಗಾಗಿ "ಪೂರ್ತಿ ದುಡ್ಡು ಬಂದ ದಿನದಿಂದ, ಕಾಪಿರೈಟ್ ಇರುವಷ್ಟು ಕಾಲ, ಇಡೀ ಜಗತ್ತಿಗೆ ಹಕ್ಕು ವರ್ಗ" ಅಂತ ನೀವೇ ಬರೆದುಕೊಡಿ. ಏಜೆನ್ಸಿಗೆ ನಂಬಿಕೆ ಬರುತ್ತದೆ. ದುಡ್ಡು ಬರುವವರೆಗೆ ಹಕ್ಕು ನಿಮ್ಮ ಹತ್ತಿರವೇ ಇರುತ್ತದೆ. ಪ್ರತಿ ಸೈಟಿನಲ್ಲೂ ನೀವು ಬಳಸುವ ನಿಮ್ಮ ಸ್ವಂತ ಸಾಮಾನ್ಯ ಕೋಡ್ ಇದ್ದರೆ ಅದನ್ನು ವರ್ಗದಿಂದ ಹೊರಗಿಟ್ಟು, ಬಳಸುವ ಅನುಮತಿ ಮಾತ್ರ ಕೊಡಿ. ಇಲ್ಲದಿದ್ದರೆ ಮುಂದಿನ ಸೈಟಿಗೆ ಅದನ್ನು ಮುಟ್ಟುವ ಹಾಗಿಲ್ಲ.

ಕ್ಲೈಂಟನ್ನು ಮುಟ್ಟುವುದಿಲ್ಲ ಅನ್ನುವ ಮಾತು. ಏಜೆನ್ಸಿ ಪರಿಚಯಿಸಿದ ಕ್ಲೈಂಟ್‌ಗಳ ಹೆಸರಿನ ಪಟ್ಟಿ, ಕೊನೆಯ ಕೆಲಸದಿಂದ 12 ತಿಂಗಳು. ಇಷ್ಟಕ್ಕೆ ಖುಷಿಯಿಂದ ಸಹಿ ಮಾಡಿ. "ಬೇರೆ ಯಾವ ಏಜೆನ್ಸಿಗೂ, ಆ ಉದ್ಯಮದ ಯಾವ ಕಂಪನಿಗೂ ಮುಂದೆ ಕೆಲಸ ಮಾಡುವಂತಿಲ್ಲ" ಅಂತಿದ್ದರೆ ಬೇಡ. ಒಪ್ಪಂದ ಮುಗಿದ ಮೇಲೂ ವ್ಯಾಪಾರ ಮಾಡದಂತೆ ಕಟ್ಟಿಹಾಕುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಂ ಎದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಅದನ್ನು ನಂಬಿಕೊಂಡು ಸಹಿ ಮಾಡುವುದಕ್ಕಿಂತ ಮೊದಲೇ ತಿದ್ದಿಸುವುದು ಒಳ್ಳೆಯದು. ನಿಮ್ಮ ಡೆವಲಪರ್‌ನನ್ನು ಅವರು ಕೆಲಸಕ್ಕೆ ಎಳೆದುಕೊಳ್ಳುವುದಿಲ್ಲ ಅನ್ನುವ ಸಾಲೂ ಇರಲಿ. ಮೂರು ಜನರ ತಂಡದಲ್ಲಿ ಒಬ್ಬ ಹೋದರೆ ಅಂಗಡಿ ಮುಚ್ಚಿದಂತೆ.

ಬದಲಾವಣೆ ಹೇಗೆ. ತಿದ್ದುಪಡಿ ಎರಡು ಸುತ್ತು. ಒಂದು ಸುತ್ತು ಅಂದರೆ ಒಂದೇ ಪಟ್ಟಿ, ಒಬ್ಬರೇ ಕಳಿಸಿದ್ದು. ವಾಟ್ಸಾಪ್‌ನಲ್ಲಿ ಬೆಳಗ್ಗೆ ಒಂದು, ರಾತ್ರಿ ಒಂದು ಬರುವ "ಸಣ್ಣ ಚೇಂಜ್" ಪಟ್ಟಿಗೆ ಸೇರುತ್ತದೆ, ಕೂಡಲೇ ಆಗುವುದಿಲ್ಲ. ಇದನ್ನು ಮೊದಲ ವಾರದಲ್ಲೇ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಆರನೇ ವಾರದಲ್ಲಿ ಹೇಳಿದರೆ ಜಗಳ.

## ಹಂತ 6: ನಿಮ್ಮ ಹೆಸರು ಎಲ್ಲೂ ಕಾಣದಂತೆ ಮಾಡಿ

ನಮಗೆ ಆದದ್ದು ಹೇಳುತ್ತೇನೆ. ಒಂದು ಪೀಠೋಪಕರಣ ಅಂಗಡಿಯ ಸೈಟ್ ಲಾಂಚ್ ಆಗಿತ್ತು. ಸಂಜೆ ಒಬ್ಬರು ಫೋನ್ ಮಾಡಿದರು. "ನಮ್ಮ ಸೈಟಿಂದ ಮೊದಲ ವಿಚಾರಣೆ ಬಂತು, ಕಳಿಸಿದವರ ಜಾಗದಲ್ಲಿ ನಿಮ್ಮ ಹೆಸರಿದೆ. ನೀವ್ಯಾರು?" ಅಂಗಡಿ ಮಾಲೀಕರೇ. ಫಾರ್ಮ್ ಪರೀಕ್ಷೆ ಮಾಡುವಾಗ ಹಾಕಿದ್ದ ನಮ್ಮ ಮೇಲ್ ವಿಳಾಸ ಹಾಗೇ ಉಳಿದಿತ್ತು. ಸಹಿಯಲ್ಲಿ ಫೋನ್ ನಂಬರೂ ಇತ್ತು. ಹತ್ತು ನಿಮಿಷಕ್ಕೆ ಏಜೆನ್ಸಿಯವರ ಫೋನ್ ಬಂತು. ಅವರು ಕೂಗಾಡಲಿಲ್ಲ. "ನಾನೀಗ ಅವರಿಗೆ ಏನಂತ ಹೇಳಲಿ?" ಅಂದರು, ಅಷ್ಟೇ. ಅದಾದ ಮೇಲೆ ಎಂಟು ತಿಂಗಳು ಅವರಿಂದ ಕೆಲಸ ಬರಲಿಲ್ಲ. ತಪ್ಪು ನೂರಕ್ಕೆ ನೂರು ನಮ್ಮದು.

ಆಮೇಲೆ ಮಾಡಿಕೊಂಡ ಕ್ರಮ ಇದು. ಕೆಲಸ ಶುರುವಾದ ದಿನವೇ ಏಜೆನ್ಸಿ ಡೊಮೇನ್‌ನಲ್ಲಿ ಒಂದು ಮೇಲ್ ವಿಳಾಸ ಕೇಳಿ ಪಡೆಯಿರಿ. ಫಿಗ್ಮಾ, ವಿಡಿಯೊ ಕಾಲ್, ಕ್ಲೈಂಟ್ ನೋಡುವ ಎಲ್ಲ ಕಡೆ ಅದರಿಂದಲೇ ಲಾಗಿನ್ ಆಗಿ. ಸ್ಟೇಜಿಂಗ್ ಸೈಟ್ ಕೂಡ ಅವರ ಸಬ್‌ಡೊಮೇನ್‌ನಲ್ಲಿ ಇರಲಿ. ಪ್ಲಗಿನ್, ಫಾಂಟ್ ಲೈಸೆನ್ಸ್ ಎಲ್ಲ ಏಜೆನ್ಸಿ ಅಥವಾ ಕ್ಲೈಂಟ್ ಹೆಸರಿನಲ್ಲಿ ಕೊಳ್ಳಲಿ. ನಿಮ್ಮ ಖಾತೆಯದ್ದನ್ನು ಹಾಕಿದರೆ ನವೀಕರಣದ ಮೇಲ್ ನಿಮಗೆ ಬರುತ್ತದೆ, ವರ್ಷ ಕಳೆದಮೇಲೆ ಸೈಟ್ ಮುರಿದರೆ ಹೊಣೆಯೂ ನಿಮಗೇ ಬರುತ್ತದೆ.

ಗಿಟ್‌ನಲ್ಲಿ ಆ ಪ್ರಾಜೆಕ್ಟ್ ಫೋಲ್ಡರಿನ ಒಳಗೆ ಹೋಗಿ ಹೆಸರು ಬದಲಿಸಿ. ಮೊದಲ ಕಮಿಟ್‌ಗೆ ಮುಂಚೆಯೇ ಮಾಡಬೇಕು, ಆಮೇಲೆ ಇತಿಹಾಸ ತಿದ್ದುವುದು ತಲೆನೋವು.

```
git config user.name "Web Team"
git config user.email "web@agency.example"
```

ಹಸ್ತಾಂತರಕ್ಕೆ ಮುಂಚೆ ಹಳೆಯ ಹೆಸರು ಉಳಿದಿದೆಯಾ ನೋಡಿ. ಎರಡನೇ ಸಾಲಿನಲ್ಲಿ `ourteam` ಇರುವ ಕಡೆ ನಿಮ್ಮ ತಂಡದ ಹೆಸರು ಹಾಕಿ:

```
git log --all --format='%an <%ae> | %cn <%ce>' | sort -u
grep -rniI "ourteam" wp-content/themes/
```

ಥೀಮಿನ `style.css` ತೆರೆದು `Author` ಮತ್ತು `Author URI` ಸಾಲು ನೋಡಿ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ಆಡಳಿತದ ಮೇಲ್ ವಿಳಾಸ ನಿಮ್ಮದಿದ್ದರೆ ಬದಲಿಸಿ. ನಿಮ್ಮ ಬಳಕೆದಾರ ಖಾತೆಯಿಂದ ಪುಟ, ಲೇಖನ ಪ್ರಕಟವಾಗಿದ್ದರೆ `/wp-json/wp/v2/users` ವಿಳಾಸದಲ್ಲಿ ಆ ಹೆಸರು ಯಾರಿಗೆ ಬೇಕಾದರೂ ಕಾಣಬಹುದು. ಬ್ರೌಸರಿನಲ್ಲಿ ತೆರೆದು ನೋಡಿ. ಕೊನೆಗೆ ಪ್ರತಿ ಫಾರ್ಮನ್ನೂ ತುಂಬಿ ಕಳಿಸಿ, ಬಂದ ಮೇಲ್‌ನಲ್ಲಿ ಕಳಿಸಿದವರ ಹೆಸರು ಏನಿದೆ ಅಂತ ನೋಡಿ. ನಾವು ಬಿಟ್ಟಿದ್ದು ಇದೊಂದನ್ನೇ.

ಕ್ಲೈಂಟ್ ಇರುವ ಕಾಲ್‌ಗೆ ಏಜೆನ್ಸಿ ನಿಮ್ಮನ್ನು ಕರೆದರೆ ಹೋಗಿ. ಆದರೆ ಸುಳ್ಳು ಹೇಳಬೇಡಿ. "ನೀವು ಇಲ್ಲಿ ಕೆಲಸ ಮಾಡ್ತೀರಾ?" ಅಂತ ಕೇಳಿದರೆ "ವೆಬ್ ಕೆಲಸದಲ್ಲಿ ಇವರ ತಂಡದ ಜೊತೆ ಇದ್ದೇನೆ" ಅನ್ನಿ. ಅದು ನಿಜ, ಅಷ್ಟು ಸಾಕು. ನಮ್ಮ ನೌಕರ ಅಂತಲೇ ಹೇಳಬೇಕು ಅಂತ ಏಜೆನ್ಸಿ ಒತ್ತಾಯಿಸಿದರೆ ಕಾಲ್‌ಗೆ ಬರುವುದಿಲ್ಲ ಅನ್ನಿ.

## ಹಂತ 7: ಕ್ಲೈಂಟ್ ನೇರವಾಗಿ ನಿಮ್ಮ ಹತ್ತಿರ ಬಂದಾಗ

ಇದು ಆಗೇ ಆಗುತ್ತದೆ. "ಏಜೆನ್ಸಿ ಜಾಸ್ತಿ ತಗೋತಾರೆ, ನೀವೇ ಮಾಡಿಕೊಡಿ" ಅಂತ ಮೆಸೇಜ್ ಬರುತ್ತದೆ. ಯೋಚಿಸಲು ಒಂದು ದಿನವನ್ನೂ ತೆಗೆದುಕೊಳ್ಳಬೇಡಿ. ಉತ್ತರ ಇಷ್ಟೇ ಇರಲಿ: "ನಮಸ್ಕಾರ ಸರ್, ಸಂಪರ್ಕಿಸಿದ್ದಕ್ಕೆ ಧನ್ಯವಾದ. ನಿಮ್ಮ ಕೆಲಸವನ್ನು ಏಜೆನ್ಸಿಯವರ ಮೂಲಕವೇ ಮಾಡುತ್ತೇವೆ. ಅವರಿಗೆ ತಿಳಿಸಿದ್ದೇನೆ, ಇವತ್ತೇ ಕರೆ ಮಾಡುತ್ತಾರೆ." ಬೆಲೆಯ ಬಗ್ಗೆ ಒಂದು ಅಕ್ಷರವೂ ಬೇಡ.

ಅದೇ ದಿನ ಏಜೆನ್ಸಿಗೆ ಆ ಮೆಸೇಜನ್ನೂ ನಿಮ್ಮ ಉತ್ತರವನ್ನೂ ಕಳಿಸಿ. ಉತ್ತರ ಕೊಟ್ಟು ಸುಮ್ನೆ ಇದ್ದರೆ ಸಾಲದು. ವಾರ ಬಿಟ್ಟು ಕ್ಲೈಂಟ್ ಬಾಯಿಂದ ಗೊತ್ತಾದರೆ ನೀವು ಮುಚ್ಚಿಟ್ಟಂತೆ ಕಾಣುತ್ತದೆ.

ಏಜೆನ್ಸಿ ಮತ್ತು ಕ್ಲೈಂಟ್ ನಿಜವಾಗಿಯೂ ಬೇರೆಯಾದಾಗ ಮಾತ್ರ ವಿಷಯ ಬೇರೆ. ಆಗಲೂ ಮೊದಲು ಏಜೆನ್ಸಿಗೆ ಬರೆದು ಕೇಳಿ. ಒಪ್ಪಿದರೆ ಅವರ ಒಪ್ಪಿಗೆ ಮೇಲ್‌ನಲ್ಲಿ ಇರಲಿ, ಮೊದಲ ಬಿಲ್ಲಿನಲ್ಲಿ 10 ರಿಂದ 15 ಶೇಕಡಾ ಪರಿಚಯದ ಪಾಲು ಅಂತ ಅವರಿಗೆ ಕೊಡಿ. ನಾವು ಒಮ್ಮೆ ಹೀಗೆ ಕೊಟ್ಟೆವು. ಕೆಲಸ ನಿಲ್ಲಿಸಿದ್ದ ಆ ಪೀಠೋಪಕರಣ ಅಂಗಡಿಯ ಏಜೆನ್ಸಿಗೇ. ಮುಂದಿನ ತಿಂಗಳು ಅವರಿಂದ ಎರಡು ಸೈಟ್ ಬಂದವು.

## ಹಂತ 8: ದುಡ್ಡು ತಡವಾದಾಗ

ಇದಕ್ಕೆ ಸಿದ್ಧತೆ ಕೆಲಸಕ್ಕೆ ಮುಂಚೆಯೇ ಆಗಬೇಕು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ `udyamregistration.gov.in` ನಲ್ಲಿ ಪುಕ್ಕಟೆ. ದುಡ್ಡು ಕೇಳುವ ಏಜೆಂಟರಿಂದ ಮಾಡಿಸಬೇಡಿ. ಆ ನಂಬರ್ ಪ್ರತಿ ಬಿಲ್ಲಿನ ಮೇಲೂ ಇರಲಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಬರೆದ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಅದಕ್ಕಿಂತ ಕೆಲಸಕ್ಕೆ ಬರುವುದು ಇನ್ನೊಂದು. ಈ ಗಡುವು ಮೀರಿದರೆ, ದುಡ್ಡು ನಿಜವಾಗಿ ಕೊಡುವ ವರ್ಷದವರೆಗೆ ಏಜೆನ್ಸಿ ಅದನ್ನು ಖರ್ಚು ಅಂತ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಮಾರ್ಚ್ ತಿಂಗಳಲ್ಲಿ ಇದನ್ನು ಅವರ ಅಕೌಂಟೆಂಟ್‌ಗೆ ಮೆತ್ತಗೆ ನೆನಪಿಸಿದರೆ ಬಿಲ್ ತಾನಾಗಿ ಮೇಲೆ ಬರುತ್ತದೆ.

ಜಿಎಸ್‌ಟಿ ಇರುವವರು ಇನ್ನೊಂದು ನೋಡಿಕೊಳ್ಳಬೇಕು. ತೆರಿಗೆ ಬಿಲ್ ಹಾಕಿದ ಮೇಲೆ ದುಡ್ಡು ಬರಲಿ ಬಿಡಲಿ, ತಿಂಗಳ ರಿಟರ್ನ್ ಹಾಕುವವರಾದರೆ ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು. ಹಾಗಾಗಿ ಅಡ್ವಾನ್ಸ್ ಕೇಳುವಾಗ ಪ್ರೊಫಾರ್ಮಾ ಕಳಿಸಿ, ದುಡ್ಡು ಬಂದಮೇಲೆ ಅದರ ತೆರಿಗೆ ಲೆಕ್ಕ ಮಾಡಿ. ಆದರೆ ಕೆಲಸ ಮುಗಿದಮೇಲೆ ಬಿಲ್ ಹಾಕುವುದನ್ನು 30 ದಿನಕ್ಕಿಂತ ಎಳೆಯುವಂತಿಲ್ಲ.

ನಾವು ಅನುಸರಿಸುವ ದಿನಗಳ ಲೆಕ್ಕ ಹೀಗಿದೆ. ಗಡುವಿಗೆ ಮೂರು ದಿನ ಮುಂಚೆ ಅಕೌಂಟ್ಸ್‌ಗೆ ನೆನಪಿನ ಮೇಲ್. ಗಡುವು ಮೀರಿ ಏಳನೇ ದಿನ ಮಾಲೀಕರಿಗೆ ಫೋನ್, ಮೇಲ್ ಅಲ್ಲ. ಹದಿನೈದನೇ ದಿನ ಅವರ ಬೇರೆ ಕೆಲಸಗಳೂ ನಿಲ್ಲುತ್ತವೆ ಅಂತ ಬರಹದಲ್ಲಿ ತಿಳಿಸಿ, ನಿಲ್ಲಿಸುವುದು. 45 ದಿನವೂ ದಾಟಿ ಉತ್ತರವೇ ಬರದಿದ್ದರೆ ಸಣ್ಣ ಉದ್ಯಮಗಳ ಬಾಕಿಯ ದೂರು ಕೇಳುವ ರಾಜ್ಯದ ಎಂಎಸ್‌ಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್ ಅರ್ಜಿ. ಅಲ್ಲಿಗೆ ಹೋದರೆ ಆ ಏಜೆನ್ಸಿಯ ಜೊತೆಗಿನ ಸಂಬಂಧ ಮುಗಿಯಿತು ಅಂತ ತಿಳಿದುಕೊಂಡೇ ಹೋಗಿ.

ಎಷ್ಟೇ ಸಿಟ್ಟು ಬಂದರೂ ಲಾಂಚ್ ಆದ ಸೈಟನ್ನು ಬಂದ್ ಮಾಡಬೇಡಿ, ಪಾಸ್‌ವರ್ಡ್ ಬದಲಿಸಬೇಡಿ, ಅಂತಿಮ ಕ್ಲೈಂಟ್‌ಗೆ ಫೋನ್ ಮಾಡಿ ದೂರಬೇಡಿ. ಆ ಅಂಗಡಿಯವರು ಏಜೆನ್ಸಿಗೆ ಪೂರ್ತಿ ದುಡ್ಡು ಕೊಟ್ಟಿರಬಹುದು. ತಡೆಹಿಡಿಯುವುದಾದರೆ ಲಾಂಚ್‌ಗೆ ಮುಂಚೆ ಹಿಡಿಯಿರಿ: ಎರಡನೇ 40 ಶೇಕಡಾ ಬರುವವರೆಗೆ ಸೈಟ್ ಸ್ಟೇಜಿಂಗ್ ಬಿಟ್ಟು ಕದಲುವುದಿಲ್ಲ ಅಂತ ಒಪ್ಪಂದದಲ್ಲೇ ಬರೆಯಿರಿ.